ಹಾರ್ಮೋನಿಕ್ ಪ್ಯಾಟರ್ನ್ ಮತ್ತು ಟಾಲರೆನ್ಸ್: ಪದೇ ಪದೇ ಕೇಳುವ ಪ್ರಶ್ನೆಗಳು

ಷೇರು ಬೆಲೆಯ ಚಾರ್ಟ್‌ನಲ್ಲಿ ಹುಡುಕುವ ಹಾರ್ಮೋನಿಕ್ ಪ್ಯಾಟರ್ನ್‌ಗಳಿಗೆ ಗಾರ್ಟ್ಲಿ, ಬ್ಯಾಟ್, ಬಟರ್‌ಫ್ಲೈ, ಕ್ರ್ಯಾಬ್ ಅಂತ ಹೆಸರುಗಳು ಹಲವು. ಇಲ್ಲಿ ಗಾರ್ಟ್ಲಿಯನ್ನೇ ಹಿಡಿದುಕೊಂಡು, ಒಂದೇ ಚಾರ್ಟ್ ಮೇಲೆ ಎಲ್ಲ ಲೆಕ್ಕ ಹಾಕಿದ್ದೇನೆ. ಒಂದು ಪ್ಯಾಟರ್ನ್ ಒಳಗೆ ಏನು ನಡೆಯುತ್ತದೆ ಅಂತ ಗೊತ್ತಾದರೆ ಉಳಿದವಕ್ಕೂ ಅದೇ ಅನ್ವಯಿಸುತ್ತದೆ.

ಹಾರ್ಮೋನಿಕ್ ಪ್ಯಾಟರ್ನ್ ಅಂದರೆ ಏನು?

ಬೆಲೆ ಮೇಲೆ ಕೆಳಗೆ ಹೋಗುವಾಗ ತಿರುವು ತೆಗೆದುಕೊಂಡ ಐದು ಜಾಗಗಳನ್ನು X, A, B, C, D ಅಂತ ಗುರುತು ಮಾಡುತ್ತಾರೆ. ಇವುಗಳ ನಡುವೆ ನಾಲ್ಕು ಲೆಗ್‌ಗಳು ಬರುತ್ತವೆ: XA, AB, BC, CD. ಒಂದು ಲೆಗ್ ಅದರ ಹಿಂದಿನ ಲೆಗ್‌ನ ಎಷ್ಟು ಭಾಗ ವಾಪಸ್ ಬಂತು, ಅಥವಾ ಅದನ್ನು ಎಷ್ಟು ಪಟ್ಟು ಮೀರಿತು ಅಂತ ಅಳೆಯುತ್ತಾರೆ. ಆ ಅಳತೆಗಳು ಗೊತ್ತಾದ ಕೆಲವು ಫಿಬೊನಾಚಿ ಅನುಪಾತಗಳಿಗೆ ಹೊಂದಿದರೆ, D ಹತ್ತಿರ ಬೆಲೆ ತಿರುಗಬಹುದು ಅನ್ನುವುದು ಇದರ ವಾದ.

ಗಾರ್ಟ್ಲಿಗೆ ಈಗ ಚಾಲ್ತಿಯಲ್ಲಿರುವ ನಿಯಮ ಹೀಗಿದೆ. B ಬಿಂದು XA ಲೆಗ್‌ನ 0.618 ಭಾಗ ವಾಪಸ್ ಬಂದಿರಬೇಕು. C ಬಿಂದು AB ಲೆಗ್‌ನ 0.382ರಿಂದ 0.886ರ ಒಳಗೆ ಎಲ್ಲಾದರೂ ಇರಬಹುದು. D ಬಿಂದು XA ಲೆಗ್‌ನ 0.786ಕ್ಕೆ ಬರಬೇಕು. ಜೊತೆಗೆ CD ಲೆಗ್ ಉದ್ದ BC ಲೆಗ್‌ನ 1.13ರಿಂದ 1.618 ಪಟ್ಟು ಇರಬೇಕು, AB ಮತ್ತು CD ಹೆಚ್ಚುಕಡಿಮೆ ಸಮ ಇದ್ದರೆ ಇನ್ನೂ ಒಳ್ಳೆಯದು.

B ಮತ್ತು Dಗೆ ಒಂದೊಂದೇ ಸಂಖ್ಯೆ ಇದೆ, ಮೂರು ದಶಮಾಂಶದವರೆಗೆ. Cಗೆ ಮಾತ್ರ AB ಲೆಗ್‌ನ ಅರ್ಧದಷ್ಟು ಅಗಲದ ಜಾಗ ಬಿಟ್ಟಿದ್ದಾರೆ. ಬಿಗಿ ಮತ್ತು ಸಡಿಲ ಎರಡೂ ಒಂದೇ ನಿಯಮದಲ್ಲಿ ಕೂತಿವೆ.

ಈ ಅನುಪಾತಗಳನ್ನು ಗಾರ್ಟ್ಲಿ ಅವರೇ ಕೊಟ್ಟಿದ್ದಾ?

ಇಲ್ಲ. ಎಚ್. ಎಂ. ಗಾರ್ಟ್ಲಿ ಅಮೆರಿಕದವರು. 1935ರ ತಮ್ಮ ಪುಸ್ತಕದ 222ನೇ ಪುಟದಲ್ಲಿ ಈ ಆಕಾರವನ್ನು ತೋರಿಸಿದರು. ಅದಕ್ಕೇ ಕೆಲವರು ಇದನ್ನು ‘ಗಾರ್ಟ್ಲಿ 222’ ಅನ್ನುತ್ತಾರೆ. ಆದರೆ ಅವರು ಫಿಬೊನಾಚಿ ಅನುಪಾತ ಹಾಕಿರಲಿಲ್ಲ. ಅವನ್ನು ಸೇರಿಸಿದ್ದು ಹಲವು ದಶಕಗಳ ನಂತರ ಬಂದ ಲ್ಯಾರಿ ಪೆಸವೆಂಟೊ, ಆಮೇಲೆ ಸ್ಕಾಟ್ ಕಾರ್ನಿ. ಬ್ಯಾಟ್, ಕ್ರ್ಯಾಬ್‌ಗಳನ್ನು ಕಾರ್ನಿ ಅವರೇ ಹೆಸರಿಟ್ಟು ನಿಯಮ ಮಾಡಿದರು.

ಅನುಪಾತಗಳ ಪಟ್ಟಿ ಕೂಡ ಹೀಗೇ ಬೆಳೆದಿದ್ದು. ಫಿಬೊನಾಚಿ ಸಾಲಿನಿಂದ ನೇರವಾಗಿ ಬರುವುದು 0.618 ಮತ್ತು 1.618. 1ರಿಂದ 0.618 ಕಳೆದರೆ 0.382. 0.618ರ ವರ್ಗಮೂಲ ತೆಗೆದರೆ 0.786. ಅದರ ವರ್ಗಮೂಲ ಮತ್ತೆ ತೆಗೆದರೆ 0.886. ಹೀಗೆ ಮೂಲ ತೆಗೆಯುತ್ತಾ ಹೋದರೆ ಬೇಕಾದಷ್ಟು ಸಂಖ್ಯೆ ಸಿಗುತ್ತವೆ. ಎಲ್ಲಿ ನಿಲ್ಲಿಸಬೇಕು ಅಂತ ಗಣಿತ ಹೇಳುವುದಿಲ್ಲ, ಮನುಷ್ಯರು ತೀರ್ಮಾನ ಮಾಡಿದ್ದಾರೆ.

ಒಂದು ಉದಾಹರಣೆ ಕೊಟ್ಟು ಹೇಳಬಹುದಾ?

ಲೆಕ್ಕ ಸುಲಭವಾಗಲಿ ಅಂತ ನಾನೇ ಹಾಕಿಕೊಂಡ ಬೆಲೆಗಳಿವು. ಒಂದು ಷೇರು 1000 ರೂಪಾಯಿಂದ (X) 1200ಕ್ಕೆ (A) ಏರಿತು. ಅಲ್ಲಿಂದ 1080ಕ್ಕೆ (B) ಇಳಿಯಿತು. ಮತ್ತೆ 1154ಕ್ಕೆ (C) ಏರಿತು. ಈಗ ಇಳಿಯುತ್ತಾ ಇದೆ, D ಎಲ್ಲಿ ಅಂತ ಕಾಯುತ್ತಿದ್ದೇವೆ.

XA ಉದ್ದ 200 ರೂಪಾಯಿ. A ಇಂದ Bಗೆ ಇಳಿದಿದ್ದು 120. ಹಾಗಾಗಿ B ಅನುಪಾತ 120/200, ಅಂದರೆ 0.60. C ಏರಿದ್ದು 74, ಅದು AB ಲೆಗ್‌ನ ಸುಮಾರು 0.617 ಭಾಗ. ಅದು ಸರಿಯಾಗೇ ಇದೆ.

ಇನ್ನು D. XA ಲೆಗ್‌ನ 0.786 ಅಂದರೆ A ಇಂದ 157.2 ರೂಪಾಯಿ ಕೆಳಗೆ, 1042.8. AB ಉದ್ದವನ್ನೇ C ಇಂದ ಕೆಳಗೆ ಹಾಕಿದರೆ 1034. BC ಲೆಗ್‌ನ 1.618 ಪಟ್ಟು ಹಾಕಿದರೂ 1034.3. ಮೂರು ಬೇರೆ ಬೇರೆ ಅಳತೆಗಳು 1034ರಿಂದ 1043ರ ಒಳಗೆ ಬಂದು ಸೇರುತ್ತವೆ. ಇಂಥ ಜಾಗವನ್ನೇ ರಿವರ್ಸಲ್ ಝೋನ್ ಅನ್ನುತ್ತಾರೆ. ನೋಡಲು ಚೆನ್ನಾಗಿದೆ, ಪುಸ್ತಕದಲ್ಲಿ ಹಾಕುವಂಥ ಗಾರ್ಟ್ಲಿ ಅನ್ನಿಸುತ್ತದೆ.

ಆದರೆ BC ನಿಯಮಕ್ಕೆ ಒಂದೇ ಸಂಖ್ಯೆ ಇಲ್ಲ, 1.13ರಿಂದ 1.618ರವರೆಗೆ ಜಾಗ ಇದೆ ಅಂದೆನಲ್ಲ? 1.13 ಹಾಕಿದ್ದರೆ ಬೆಲೆ 1070 ಬರುತ್ತಿತ್ತು. ನಾನು 1.618 ಆರಿಸಿದ್ದು ಅದು ಉಳಿದ ಎರಡರ ಹತ್ತಿರ ಬಂತು ಅನ್ನುವ ಕಾರಣಕ್ಕೆ. ಬೇರೆ ಚಾರ್ಟ್‌ನಲ್ಲಿ 1.27 ಹತ್ತಿರ ಬಂದಿದ್ದರೆ ಅದನ್ನೇ ಆರಿಸುತ್ತಿದ್ದೆ. ‘ಮೂರು ಅಳತೆ ಒಂದೇ ಕಡೆ ಸೇರಿತು’ ಅನ್ನುವ ಬಲ ಅರ್ಧದಷ್ಟು ಈ ಆಯ್ಕೆಯಿಂದಲೇ ಬಂದಿದ್ದು.

0.60 ಅನ್ನುವುದು 0.618 ಅಲ್ವಲ್ಲ? ಅದನ್ನು ಗಾರ್ಟ್ಲಿ ಅನ್ನಬಹುದಾ?

ಇಲ್ಲಿಂದಲೇ ಟಾಲರೆನ್ಸ್ ಕಥೆ ಶುರು. ಎಷ್ಟು ಆಚೀಚೆ ಆದರೆ ಪರವಾಗಿಲ್ಲ ಅನ್ನುವ ಅಳತೆಗೆ ಟಾಲರೆನ್ಸ್ ಅನ್ನುತ್ತಾರೆ. ಅದು ಶೂನ್ಯ ಆದರೆ ಯಾವ ಚಾರ್ಟ್‌ನಲ್ಲೂ ಒಂದೇ ಒಂದು ಗಾರ್ಟ್ಲಿ ಸಿಗುವುದಿಲ್ಲ. ಸ್ವಲ್ಪ ಸಡಿಲ ಬಿಡಲೇಬೇಕು.

3% ಬಿಟ್ಟರೆ B ಅನುಪಾತ 0.599ರಿಂದ 0.637ರ ಒಳಗೆ ಇರಬೇಕು. ನಮ್ಮ 0.60 ಕೂದಲೆಳೆಯಲ್ಲಿ ಪಾಸ್. 2% ಬಿಟ್ಟಿದ್ದರೆ ಫೇಲ್. 0.618ರ ಪ್ರಕಾರ B 1076.4ರಲ್ಲಿ ಇರಬೇಕಿತ್ತು, ಇದ್ದಿದ್ದು 1080ರಲ್ಲಿ. 3 ರೂಪಾಯಿ 60 ಪೈಸೆ ವ್ಯತ್ಯಾಸ. 1100 ರೂಪಾಯಿ ಆಸುಪಾಸಿನ ಷೇರಿನಲ್ಲಿ ಅಷ್ಟು ಓಡಾಟ ಐದು ನಿಮಿಷದಲ್ಲೂ ಆಗಬಹುದು. ಅಂಥ ಸಣ್ಣ ಓಡಾಟದ ಮೇಲೆ ಪ್ಯಾಟರ್ನ್ ಇದೆಯೋ ಇಲ್ಲವೋ ಅನ್ನುವುದು ನಿಂತಿದೆ.

5% ಟಾಲರೆನ್ಸ್ ಅಂದರೆ ಎಲ್ಲರಿಗೂ ಒಂದೇ ಅರ್ಥ ಅಲ್ವಾ?

ಅಲ್ಲ, ಇದರಲ್ಲಿ ಬಹಳ ಜನ ಎಡವುತ್ತಾರೆ. ಒಂದು ಅರ್ಥದಲ್ಲಿ 0.618ರ 5%, ಅಂದರೆ 0.031. ಆಗ ಜಾಗ 0.587ರಿಂದ 0.649. ಇನ್ನೊಂದು ಅರ್ಥದಲ್ಲಿ XA ಲೆಗ್‌ನ 5%, ಅಂದರೆ ನೇರವಾಗಿ 0.05. ಆಗ ಜಾಗ 0.568ರಿಂದ 0.668. ಎರಡನೆಯದು ಮೊದಲನೆಯದಕ್ಕಿಂತ ಒಂದೂವರೆ ಪಟ್ಟಿಗೂ ಜಾಸ್ತಿ ಅಗಲ. ಇಬ್ಬರು ‘ನಾನು 5% ಇಟ್ಟಿದ್ದೇನೆ’ ಅಂತ ಹೇಳಿ, ಒಂದೇ ಚಾರ್ಟ್‌ನಲ್ಲಿ ಬೇರೆ ಬೇರೆ ಉತ್ತರ ಪಡೆಯುತ್ತಾರೆ.

1.618ರಂಥ ದೊಡ್ಡ ಅನುಪಾತಕ್ಕೆ ಬಂದಾಗ ಇದು ತಿರುವುಮುರುವು ಆಗುತ್ತದೆ. ಅಲ್ಲಿ ಅನುಪಾತದ 5% ಅಂದರೆ 0.081, ನೇರ 0.05ಕ್ಕಿಂತ ಅಗಲ. ಪ್ಯಾಟರ್ನ್ ತಾನೇ ಹುಡುಕುವ ಸ್ಕ್ಯಾನರ್ ಬಳಸುವವರು ಅದು ಯಾವ ರೀತಿ ಅಳೆಯುತ್ತದೆ ಅಂತ ಮೊದಲು ನೋಡಿಕೊಳ್ಳಬೇಕು. ನೀವೇ ಬರೆದುಕೊಳ್ಳುವುದಾದರೆ ಇಷ್ಟೇ ಸಾಕು:

```python
def ok(value, target, tol, mode="rel"):
    width = target * tol if mode == "rel" else tol
    return abs(value - target) <= width

b = (1200 - 1080) / (1200 - 1000)   # 0.60
ok(b, 0.618, 0.03)                  # True
ok(b, 0.618, 0.02)                  # False
```

ವಿಕ್ ತುದಿಯಿಂದ ಅಳೆಯಬೇಕಾ, ಕ್ಲೋಸ್‌ನಿಂದ ಅಳೆಯಬೇಕಾ?

ಹೆಚ್ಚಿನವರು ಕ್ಯಾಂಡಲ್‌ನ ವಿಕ್ ತುದಿ ಹಿಡಿಯುತ್ತಾರೆ, ಅಂದರೆ ಆ ಅವಧಿಯಲ್ಲಿ ಬೆಲೆ ಮುಟ್ಟಿದ ಅತಿ ಮೇಲಿನ ಅಥವಾ ಅತಿ ಕೆಳಗಿನ ಜಾಗ. ಕ್ಷಣಮಾತ್ರ ಬಂದುಹೋದ ಬೆಲೆ ಯಾಕೆ ಅಂತ ಕ್ಲೋಸ್, ಅಂದರೆ ಅವಧಿ ಮುಗಿದಾಗಿನ ಬೆಲೆ, ಹಿಡಿಯುವವರೂ ಇದ್ದಾರೆ. ಇಬ್ಬರ ವಾದದಲ್ಲೂ ಹುರುಳಿದೆ. ಆದರೆ ಪರಿಣಾಮ ನೋಡಿ.

ನಮ್ಮ ಷೇರಿನಲ್ಲಿ X ದಿನದ ಕ್ಲೋಸ್ 1006, A ದಿನದ್ದು 1194, B ದಿನದ್ದು 1088 ಇತ್ತು ಅಂದುಕೊಳ್ಳಿ. ಈಗ XA 188, AB 106. ಅನುಪಾತ 0.564. ವಿಕ್‌ನಲ್ಲಿ 0.60 ಇದ್ದದ್ದು ಇಷ್ಟಕ್ಕೆ ಇಳಿಯಿತು. 3% ಟಾಲರೆನ್ಸ್‌ನಲ್ಲಿ ಫೇಲ್. 5% ಎರಡೂ ಅರ್ಥದಲ್ಲಿ ಫೇಲ್. 10% ಕೊಟ್ಟರೆ ಮಾತ್ರ ಪಾಸ್. ಷೇರು ಅದೇ, ದಿನಗಳು ಅವೇ, ಕಣ್ಣಿಗೆ ಕಾಣುವ ಆಕಾರವೂ ಅದೇ.

ಲಾಗ್ ಸ್ಕೇಲ್ ಹಾಕಿದರೆ ವ್ಯತ್ಯಾಸ ಆಗುತ್ತದಾ?

ಆಗುತ್ತದೆ. ರೂಪಾಯಿ ಲೆಕ್ಕದ ಬದಲು ಶೇಕಡಾ ಲೆಕ್ಕದಲ್ಲಿ ಅಳೆದರೆ, ಇದೇ ವಿಕ್ ಬೆಲೆಗಳಲ್ಲಿ B ಅನುಪಾತ 0.60ರಿಂದ 0.578ಕ್ಕೆ ಬರುತ್ತದೆ. 20% ಏರಿಕೆಗೇ ಇಷ್ಟು. XA ಲೆಗ್‌ನಲ್ಲಿ ಬೆಲೆ ಎರಡು ಪಟ್ಟಾದ ಷೇರಿನಲ್ಲಿ ಇನ್ನೂ ಜಾಸ್ತಿ ವ್ಯತ್ಯಾಸ ಬರುತ್ತದೆ. ಚಿಕ್ಕ ಟೈಮ್‌ಫ್ರೇಮ್‌ನಲ್ಲಿ ಬೆಲೆ 1-2% ಮಾತ್ರ ಓಡಾಡುವಾಗ ಇದನ್ನು ಮರೆತರೂ ನಡೆಯುತ್ತದೆ.

ಟಾಲರೆನ್ಸ್ ಸ್ವಲ್ಪ ಜಾಸ್ತಿ ಇಟ್ಟರೆ ಜಾಸ್ತಿ ಪ್ಯಾಟರ್ನ್ ಸಿಗುತ್ತವೆ. ಅದರಲ್ಲಿ ತಪ್ಪೇನು?

ಸಿಗುತ್ತವೆ ನಿಜ. ಆದರೆ ಸಿಕ್ಕಿದ್ದಕ್ಕೆ ಅರ್ಥ ಕಡಿಮೆಯಾಗುತ್ತಾ ಹೋಗುತ್ತದೆ. B ಅನುಪಾತ ಒಂದನ್ನೇ ತೆಗೆದುಕೊಳ್ಳೋಣ. ಬ್ಯಾಟ್‌ಗೆ B 0.382ರಿಂದ 0.50. ಗಾರ್ಟ್ಲಿಗೆ 0.618. ಕ್ರ್ಯಾಬ್‌ಗೆ 0.382ರಿಂದ 0.618. ಬಟರ್‌ಫ್ಲೈಗೆ 0.786. ಈ ನಾಲ್ಕನ್ನು ಒಂದೇ ಗೆರೆಯ ಮೇಲೆ ಇಟ್ಟು ನೋಡಿ.

3% ಟಾಲರೆನ್ಸ್‌ನಲ್ಲಿ 0.371ರಿಂದ 0.637ರವರೆಗೆ ಯಾವುದಾದರೊಂದು ಪ್ಯಾಟರ್ನ್ ಕೂತಿರುತ್ತದೆ. ನಂತರ ಒಂದು ಖಾಲಿ ಜಾಗ, ಆಮೇಲೆ 0.762ರಿಂದ 0.810ರವರೆಗೆ ಬಟರ್‌ಫ್ಲೈ. ನಡುವಿನ ಖಾಲಿ ಜಾಗ 0.125. 5% ಮಾಡಿದರೆ ಆ ಖಾಲಿ ಜಾಗ 0.098ಕ್ಕೆ ಕುಗ್ಗುತ್ತದೆ. 10% ಮಾಡಿದರೆ 0.680ರಿಂದ 0.707, ಅಂದರೆ ಬರೀ 0.027 ಉಳಿಯುತ್ತದೆ. 0.344ರಿಂದ 0.865ರವರೆಗಿನ ಅಷ್ಟೂ ಉದ್ದದಲ್ಲಿ ಬಿಟ್ಟುಹೋಗುವುದು ಅದೊಂದು ಸೀಳು ಮಾತ್ರ. ಬೆಲೆ ಎಲ್ಲಿ ತಿರುಗಿದರೂ B ಯಾವುದಾದರೊಂದು ಹೆಸರಿಗೆ ಸಿಕ್ಕಿಬೀಳುತ್ತದೆ. ಆಗ ‘B ಫಿಬೊನಾಚಿ ಅನುಪಾತದಲ್ಲಿ ತಿರುಗಿತು’ ಅನ್ನುವ ಮಾತು ಏನನ್ನೂ ಹೇಳುವುದಿಲ್ಲ.

ಇನ್ನೊಂದು ವಿಷಯ. ಪ್ಯಾಟರ್ನ್‌ನಲ್ಲಿ ಒಂದಲ್ಲ, ಹಲವು ಅನುಪಾತ ಹೊಂದಬೇಕು. ಹಾಗಾಗಿ ಸಡಿಲಿಕೆ ಕೂಡುವುದಿಲ್ಲ, ಗುಣಿಸುತ್ತದೆ. ಮೂರು ಅನುಪಾತಗಳ ಅಗಲವನ್ನೂ ಎರಡು ಪಟ್ಟು ಮಾಡಿದರೆ, ಅವು ಒಂದಕ್ಕೊಂದು ಸಂಬಂಧವಿಲ್ಲದವು ಅಂದುಕೊಂಡರೆ, ಸುಮ್ನೆ ಆಕಸ್ಮಿಕವಾಗಿ ಹೊಂದುವ ಚಾರ್ಟ್‌ಗಳು ಸ್ಥೂಲವಾಗಿ 8 ಪಟ್ಟು ಆಗುತ್ತವೆ. ಟಾಲರೆನ್ಸ್ 3ರಿಂದ 6 ಮಾಡಿದೆ, ಸಣ್ಣ ಬದಲಾವಣೆ ಅಂತ ಅನ್ನಿಸಬಹುದು. ಸ್ಕ್ಯಾನರ್ ಪಟ್ಟಿ ಇದ್ದಕ್ಕಿದ್ದಂತೆ ತುಂಬಿಹೋಗುವುದು ಇದರಿಂದಲೇ.

ನಾನು ಗಾರ್ಟ್ಲಿ ಅಂದೆ, ಇನ್ನೊಬ್ಬರು ಕ್ರ್ಯಾಬ್ ಅಂದರು. ಯಾರು ಸರಿ?

Dಗೆ ಬೆಲೆ ಬರುವ ತನಕ ಇಬ್ಬರೂ ಸರಿ ಇರಬಹುದು. ನಮ್ಮ ಉದಾಹರಣೆಯಲ್ಲಿ B 0.60. ಬ್ಯಾಟ್ ಆಗಲು ಅದು 0.50 ದಾಟಬಾರದು, ಹಾಗಾಗಿ ಬ್ಯಾಟ್ ಅಲ್ಲ. ಆದರೆ ಕ್ರ್ಯಾಬ್‌ಗೆ 0.618ರವರೆಗೆ ನಡೆಯುತ್ತದೆ. ಕ್ರ್ಯಾಬ್‌ನ D ಇರುವುದು XA ಲೆಗ್‌ನ 1.618ರಲ್ಲಿ, ಅಂದರೆ 876.4. ಗಾರ್ಟ್ಲಿಯ D 1042.8. ಎರಡರ ನಡುವೆ 166 ರೂಪಾಯಿ ಅಂತರ. ಗಾರ್ಟ್ಲಿ ಅಂದುಕೊಂಡವರು 1040ರಲ್ಲಿ ಕೊಳ್ಳುತ್ತಾರೆ. ಕ್ರ್ಯಾಬ್ ಅಂದುಕೊಂಡವರು ಅಲ್ಲಿ ಕೈ ಹಾಕುವುದಿಲ್ಲ, ಇನ್ನೂ ಇಳಿಯುತ್ತದೆ ಅಂತ ಕಾಯುತ್ತಾರೆ.

ನನಗೆ ನಿಜವಾಗಿ ಕಳವಳ ಆಗುವುದು ಇದರ ಮುಂದಿನ ಹೆಜ್ಜೆಯಲ್ಲಿ. 1042ರಲ್ಲಿ ಬೆಲೆ ತಿರುಗಿದರೆ ‘ಗಾರ್ಟ್ಲಿ ಕೆಲಸ ಮಾಡಿತು’ ಅನ್ನುತ್ತೇವೆ. ಸ್ವಲ್ಪ ಕೆಳಗೆ ಹೋಗಿ 1023ರಲ್ಲಿ ತಿರುಗಿದರೆ, ಅದು 0.886, ‘B ಸ್ವಲ್ಪ ಆಳ ಇದ್ದ ಬ್ಯಾಟ್’ ಅನ್ನುತ್ತೇವೆ. 1000 ಮುರಿದು 880ಕ್ಕೆ ಹೋಗಿ ತಿರುಗಿದರೆ ‘ಮೊದಲಿಂದಲೂ ಕ್ರ್ಯಾಬ್ ಆಗಿತ್ತು’ ಅನ್ನುತ್ತೇವೆ. ಹೆಸರನ್ನು ತಿರುವು ಆದ ಮೇಲೆ ಇಟ್ಟರೆ ಯಾವತ್ತೂ ಸೋಲೇ ಇರುವುದಿಲ್ಲ. ಹಾಗಾಗಿ C ಆದ ತಕ್ಷಣ ಒಂದೇ ಹೆಸರು, ಒಂದೇ ಝೋನ್ ಬರೆದಿಡಿ. ಆಮೇಲೆ ಬೆಲೆ ಏನೇ ಮಾಡಲಿ, ಬರೆದದ್ದನ್ನು ಬದಲಿಸಬೇಡಿ.

ಇದರಿಂದ ದುಡ್ಡಿನ ಲೆಕ್ಕ ಎಷ್ಟು ಬದಲಾಗುತ್ತದೆ?

ಸಾಕಷ್ಟು. D ಅನುಪಾತಕ್ಕೆ 5% ಟಾಲರೆನ್ಸ್ ಕೊಟ್ಟರೆ ಝೋನ್ 1050.7ರಿಂದ 1034.9ರವರೆಗೆ. ಸ್ಟಾಪ್‌ಲಾಸ್ X ಕೆಳಗೆ, 998 ಅಂತ ಇಟ್ಟುಕೊಳ್ಳಿ. ಮೊದಲ ಟಾರ್ಗೆಟ್ ಸಾಮಾನ್ಯವಾಗಿ AD ಇಳಿತದ 0.382 ವಾಪಸ್ ಏರುವ ಜಾಗ.

ಝೋನ್ ಮೇಲಿನ ತುದಿ 1050ರಲ್ಲಿ ಕೊಂಡರೆ, ಅದನ್ನೇ D ಅಂತ ಲೆಕ್ಕ ಹಾಕಿದಾಗ ರಿಸ್ಕ್ 52 ರೂಪಾಯಿ, ಟಾರ್ಗೆಟ್‌ಗೆ 57. ಹತ್ತಿರ ಹತ್ತಿರ ಒಂದಕ್ಕೆ ಒಂದು. ಕೆಳಗಿನ ತುದಿ 1035ರಲ್ಲಿ ಕೊಂಡರೆ ರಿಸ್ಕ್ 37, ಟಾರ್ಗೆಟ್‌ಗೆ 63. ಒಂದಕ್ಕೆ 1.7. ಕೆಳಗಿನ ತುದಿ ಒಳ್ಳೆಯದು ಅಂತ ಕಾಣುತ್ತದೆ, ಆದರೆ ಬೆಲೆ 1044ರಲ್ಲಿ ತಿರುಗಿದರೆ ಅಲ್ಲಿಟ್ಟ ಆರ್ಡರ್ ಆಗುವುದೇ ಇಲ್ಲ. ಹಳೆಯ ಬೆಲೆಗಳ ಮೇಲೆ ಬ್ಯಾಕ್‌ಟೆಸ್ಟ್ ಮಾಡುವವರು ಎಂಟ್ರಿಯನ್ನು ನಿಜವಾಗಿ ಬೆಲೆ ತಿರುಗಿದ ಜಾಗದಲ್ಲೇ ಹಾಕಿಬಿಟ್ಟರೆ ಫಲಿತಾಂಶ ಸುಳ್ಳಾಗುತ್ತದೆ. ಆ ಜಾಗ ಮೊದಲೇ ಯಾರಿಗೂ ಗೊತ್ತಿರಲಿಲ್ಲವಲ್ಲ.

ಸಾಫ್ಟ್‌ವೇರ್ ತಾನೇ ಗುರುತಿಸಿದರೆ ವೈಯಕ್ತಿಕ ತೀರ್ಮಾನ ಇರುವುದಿಲ್ಲ ಅಲ್ವಾ?

ತೀರ್ಮಾನ ಹೋಗುವುದಿಲ್ಲ, ಸೆಟ್ಟಿಂಗ್ ಪೆಟ್ಟಿಗೆಯೊಳಗೆ ಸೇರಿಕೊಳ್ಳುತ್ತದೆ. ಬಹುತೇಕ ಸ್ಕ್ಯಾನರ್‌ಗಳು ತಿರುವು ಹುಡುಕಲು ಜಿಗ್‌ಜಾಗ್ ಥರದ ಲೆಕ್ಕ ಬಳಸುತ್ತವೆ. ಬೆಲೆ ಕನಿಷ್ಠ ಇಷ್ಟು ಶೇಕಡಾ ವಾಪಸ್ ಬಂದರೆ ಮಾತ್ರ ಅದು ತಿರುವು ಅಂತ ನಿಯಮ. 3% ಇಟ್ಟರೆ ಸಣ್ಣ ತಿರುವುಗಳೂ X, A ಆಗುತ್ತವೆ. 8% ಇಟ್ಟರೆ ನಮ್ಮ BC ಲೆಗ್ ಕೂಡ ಕಾಣುವುದಿಲ್ಲ, ಯಾಕೆಂದರೆ 1080ರಿಂದ 1154 ಅಂದರೆ 7% ಸಹ ಇಲ್ಲ. ಅನುಪಾತದ ಟಾಲರೆನ್ಸ್ ಬಗ್ಗೆ ಎಲ್ಲರೂ ಚರ್ಚೆ ಮಾಡುತ್ತಾರೆ, ಈ ಸೆಟ್ಟಿಂಗ್ ಯಾರ ಕಣ್ಣಿಗೂ ಬೀಳುವುದಿಲ್ಲ.

ಜಿಗ್‌ಜಾಗ್‌ಗೆ ಇನ್ನೊಂದು ಗುಣ ಇದೆ. ಕೊನೆಯ ತಿರುವು ಖಚಿತವಾಗುವುದು ಬೆಲೆ ಅಲ್ಲಿಂದ ಅಷ್ಟು ದೂರ ಹೋದ ಮೇಲೆ. D 1036ರಲ್ಲಿ ಆಯಿತು ಅಂದುಕೊಳ್ಳಿ. 3% ನಿಯಮದಲ್ಲಿ ಅದು ಖಚಿತವಾಗುವಾಗ ಬೆಲೆ 1067 ಆಗಿರುತ್ತದೆ. 5% ಆದರೆ 1088. ಅದಕ್ಕೂ ಮುಂಚೆ ಕೊನೆಯ ಲೆಗ್ ಜಾಗ ಬದಲಿಸುತ್ತಲೇ ಇರುತ್ತದೆ. ಹಳೆಯ ಚಾರ್ಟ್ ನೋಡುವಾಗ D ಸರಿಯಾಗಿ ತಳದಲ್ಲೇ ಕೂತಿರುವುದು ಈ ಕಾರಣಕ್ಕೆ. ಪರೀಕ್ಷೆ ಸುಲಭ: ಸ್ಕ್ಯಾನರ್ ಇವತ್ತು ತೋರಿಸಿದ ಪ್ಯಾಟರ್ನ್‌ನ ಸ್ಕ್ರೀನ್‌ಶಾಟ್ ತೆಗೆದಿಟ್ಟು, ಎರಡು ವಾರ ಬಿಟ್ಟು ಅದೇ ಚಾರ್ಟ್ ತೆಗೆದು ಹೋಲಿಸಿ. ಬಿಂದುಗಳು ಸರಿದಿದ್ದರೆ ಅಥವಾ ಪ್ಯಾಟರ್ನ್ ಮಾಯವಾಗಿದ್ದರೆ ಗೊತ್ತಾಗುತ್ತದೆ.

ಹಾಗಾದರೆ ಎಷ್ಟು ಟಾಲರೆನ್ಸ್ ಇಡಬೇಕು?

ಎಲ್ಲ ಷೇರಿಗೂ ಎಲ್ಲ ಟೈಮ್‌ಫ್ರೇಮ್‌ಗೂ ಒಂದೇ ಶೇಕಡಾ ಇಡುವುದು ಸರಿಯಲ್ಲ ಅಂತ ನನ್ನ ಅಭಿಪ್ರಾಯ. ಮೊದಲು ಆ ಷೇರಿನ ಎಟಿಆರ್ ನೋಡಿ, ಅಂದರೆ ಒಂದು ಕ್ಯಾಂಡಲ್‌ನಲ್ಲಿ ಸರಾಸರಿ ಎಷ್ಟು ರೂಪಾಯಿ ಓಡಾಡುತ್ತದೆ ಅಂತ. ಅದು 20 ರೂಪಾಯಿ ಇದ್ದರೆ, ಅರ್ಧ ಎಟಿಆರ್ 10 ರೂಪಾಯಿ. ತಿರುವು ಅಷ್ಟು ಆಚೀಚೆ ಆಗುವುದು ಮಾಮೂಲು.

XA 200 ರೂಪಾಯಿ ಇದ್ದಾಗ 10 ರೂಪಾಯಿ ಅಂದರೆ ಅನುಪಾತದಲ್ಲಿ 0.05. ಅದೇ XA 60 ರೂಪಾಯಿ ಮಾತ್ರ ಇದ್ದರೆ 10 ರೂಪಾಯಿ ಅಂದರೆ 0.167. ಗಾರ್ಟ್ಲಿಯ 0.618ಕ್ಕೂ ಬಟರ್‌ಫ್ಲೈನ 0.786ಕ್ಕೂ ಇರುವ ಅಂತರವೇ 0.168. ಅಷ್ಟು ಚಿಕ್ಕ ಪ್ಯಾಟರ್ನ್‌ನಲ್ಲಿ ಗಾರ್ಟ್ಲಿ ಯಾವುದು ಬಟರ್‌ಫ್ಲೈ ಯಾವುದು ಅಂತ ಬೇರ್ಪಡಿಸುವ ಶಕ್ತಿ ಆ ಬೆಲೆಗಳಿಗೇ ಇಲ್ಲ, ಟಾಲರೆನ್ಸ್ ಎಷ್ಟೇ ಬಿಗಿ ಮಾಡಿದರೂ. ಹಾಗಾಗಿ XA ಲೆಗ್ ಎಟಿಆರ್‌ನ ಸುಮಾರು 10 ಪಟ್ಟಿಗಿಂತ ಕಡಿಮೆ ಇದ್ದರೆ ನಾನು ಅನುಪಾತ ಅಳೆಯುವುದೇ ಇಲ್ಲ.

ಈ ಅನುಪಾತಗಳಲ್ಲಿ ನಿಜಕ್ಕೂ ಏನಾದರೂ ಇದೆಯಾ ಅಂತ ಪರೀಕ್ಷೆ ಮಾಡುವುದು ಹೇಗೆ?

ಹುಸಿ ಅನುಪಾತ ಹಾಕಿ ನೋಡುವುದು ನನಗೆ ಗೊತ್ತಿರುವ ಅತಿ ನೇರವಾದ ದಾರಿ. ತಿರುವು ಹುಡುಕುವ ಸೆಟ್ಟಿಂಗ್, ವಿಕ್ ಅಥವಾ ಕ್ಲೋಸ್, ಸ್ಕೇಲ್, ಟಾಲರೆನ್ಸ್, ಸ್ಟಾಪ್‌ಲಾಸ್ ಎಲ್ಲವನ್ನೂ ಮೊದಲೇ ಬರೆದು ಬಿಗಿ ಮಾಡಿ. ಆಮೇಲೆ Dಗೆ 0.786 ಬದಲು 0.72, 0.75, 0.82, 0.85 ಅಂತ ಹಾಕಿ ಅದೇ ಚಾರ್ಟ್‌ಗಳ ಮೇಲೆ ಓಡಿಸಿ. ಟಾಲರೆನ್ಸ್ ಅಗಲ ಎಲ್ಲಕ್ಕೂ ಒಂದೇ ಇರಲಿ, ಅದೂ ನೇರ ಅಳತೆಯಲ್ಲಿ. ಪಕ್ಕದ ಸಂಖ್ಯೆಗಳ ಝೋನ್ ಒಂದರ ಮೇಲೊಂದು ಬೀಳದಷ್ಟು ಚಿಕ್ಕದಿರಲಿ, 0.015 ಸಾಕು.

ಹೋಲಿಸುವಾಗ ಒಂದು ಎಚ್ಚರಿಕೆ ಬೇಕು. 0.72 ಮೇಲೆ ಇರುತ್ತದೆ, ಹಾಗಾಗಿ ಬೆಲೆ ಅಲ್ಲಿಗೆ ಜಾಸ್ತಿ ಸಲ ಬರುತ್ತದೆ. 0.85ಕ್ಕೆ ಕಡಿಮೆ ಸಲ ಬರುತ್ತದೆ, ಅಲ್ಲಿ ಸ್ಟಾಪ್‌ಲಾಸ್ ಕೂಡ ಹತ್ತಿರ. ಹಾಗಾಗಿ ಎಷ್ಟು ಸಲ ಸಿಕ್ಕಿತು ಅಥವಾ ಎಷ್ಟು ಲಾಭ ಬಂತು ಅಂತ ನೇರವಾಗಿ ಹೋಲಿಸಿದರೆ ತಪ್ಪಾಗುತ್ತದೆ. ಝೋನ್ ಮುಟ್ಟಿದ ಮೇಲೆ, ಒಂದು ಎಟಿಆರ್ ಕೆಳಗೆ ಹೋಗುವ ಮೊದಲು ಒಂದು ಎಟಿಆರ್ ಮೇಲೆ ಹೋದದ್ದು ಶೇಕಡಾ ಎಷ್ಟು ಅಂತ ಎಣಿಸಿ. ಆ ಶೇಕಡಾ 0.72ರಿಂದ 0.85ರವರೆಗೆ ನಿಧಾನವಾಗಿ ಒಂದೇ ದಿಕ್ಕಿನಲ್ಲಿ ಬದಲಾಗುತ್ತಾ ಹೋಗಿ, 0.786 ಆ ಸಾಲಿನಲ್ಲೇ ಕೂತಿದ್ದರೆ, ಆ ಸಂಖ್ಯೆಗೆ ವಿಶೇಷ ಏನೂ ಇಲ್ಲ. ಆಳವಾದ ಇಳಿತದ ನಂತರ ಬೆಲೆ ಪುಟಿಯುವ ಸಾಮಾನ್ಯ ಗುಣವನ್ನಷ್ಟೇ ನೋಡುತ್ತಿದ್ದೀರಿ. ಎರಡೂ ಪಕ್ಕದವಕ್ಕಿಂತ 0.786 ಎದ್ದು ಕಂಡರೆ, ಟಾಲರೆನ್ಸ್ 0.01 ಮಾಡಿ ಮತ್ತೆ ಓಡಿಸಿ, ಜೊತೆಗೆ ಮೊದಲು ಮುಟ್ಟದ ಬೇರೆ ಷೇರುಗಳ ಮೇಲೂ ಓಡಿಸಿ. ಅಗಲ ಬದಲಿಸಿದ ಕೂಡಲೇ ಆ ಎತ್ತರ ಮಾಯವಾದರೆ, ಅದು ಆ ಒಂದು ಸೆಟ್ಟಿಂಗ್‌ನಿಂದ ಬಂದದ್ದು.